ಕಾದಂಬರಿಯ ಸಂಕೇತದ ಮೇಲಿನ ಪ್ರಬಂಧಕ್ಕೆ ಥೀಸಿಸ್ ವಾಕ್ಯ ಕಟ್ಟುವುದು: ‘ಚೋಮನ ದುಡಿ’ ಇಟ್ಟುಕೊಂಡು

ಪ್ರಶ್ನೆ: ನಾನು ಕಾಸರಗೋಡಿನಲ್ಲಿ ಡಿಗ್ರಿ ಓದ್ತಾ ಇದ್ದೇನೆ, ಕನ್ನಡ ಮೇಜರ್. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ದುಡಿಯ ಸಂಕೇತದ ಬಗ್ಗೆ ವಿಮರ್ಶಾ ಪ್ರಬಂಧ ಬರೀಲಿಕ್ಕುಂಟು. ‘ದುಡಿ ಚೋಮನ ನೋವಿನ ಸಂಕೇತ’ ಅಂತ ಶುರು ಮಾಡಿದ್ದಕ್ಕೆ ಸರ್ ‘ಇದರಲ್ಲಿ ಥೀಸಿಸ್ ಎಲ್ಲಿ?’ ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಥೀಸಿಸ್ ವಾಕ್ಯ ಎಂತ ಮಾಡಿ ಬರೆಯುವುದು?

ನಿಮ್ಮ ವಾಕ್ಯದ ತೊಂದರೆ ಅದು ತಪ್ಪು ಎಂಬುದಲ್ಲ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ ಎಂಬುದು. ಕಾದಂಬರಿ ಓದಿದವರೆಲ್ಲ ‘ಹೌದು’ ಎಂದು ತಲೆಯಾಡಿಸುವ ಮಾತಿಗೆ ಐದು ಪುಟದ ಸಾಧನೆ ಬೇಕಿಲ್ಲ. ಥೀಸಿಸ್ ಎಂದರೆ ಓದಿದವನೇ ಒಬ್ಬ ‘ಅದು ಹೇಗೆ?’ ಎಂದು ಕೇಳಬಹುದಾದ, ನೀವು ಕಾದಂಬರಿಯ ಒಳಗಿನಿಂದಲೇ ಉತ್ತರ ಕೊಡಬಹುದಾದ ವಾಕ್ಯ.

ಹಾಗಾಗಿ ವಾಕ್ಯವನ್ನು ಬದಿಗಿಟ್ಟು ಮೊದಲು ಪುಸ್ತಕ ಹಿಡಿಯಿರಿ. ದುಡಿ ಬರುವ ಪ್ರತಿಯೊಂದು ಜಾಗಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿ, ಕೊನೆಯ ದೃಶ್ಯಕ್ಕೆ ಮಾತ್ರ ಅಲ್ಲ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಮಾಡಿ: ಪುಟ, ದುಡಿ ಬಾರಿಸುವ ಮುಂಚೆ ಏನಾಯಿತು, ಯಾರು ಕೇಳಿಸಿಕೊಂಡರು, ಬಾರಿಸಿದ ಮೇಲೆ ಏನು ಬದಲಾಯಿತು. ಹೆಚ್ಚಿನವರು ಮೊದಲೆರಡು ಕಾಲಂ ತುಂಬಿಸಿ ಏಳುತ್ತಾರೆ. ಆದರೆ ಥೀಸಿಸ್ ಸಿಗುವುದು ಸಾಮಾನ್ಯವಾಗಿ ಕೊನೆಯ ಕಾಲಮ್ಮಿನಲ್ಲಿ. ಈ ಕಾದಂಬರಿಯಲ್ಲಿ ಆ ಕಾಲಂ ಹೆಚ್ಚುಕಡಿಮೆ ಖಾಲಿ ಉಳಿಯುತ್ತದೆ. ಆ ಖಾಲಿಯೇ ನಿಮಗೆ ಬೇಕಾದ ಸುಳಿವು.

ಪಟ್ಟಿ ಮಾಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಚೋಮ ದುಡಿ ಬಾರಿಸುವುದು ದುಃಖಕ್ಕೆ ಮಾತ್ರ ಅಲ್ಲ. ಕಳ್ಳು ಕುಡಿದು ಖುಷಿಯಾದಾಗಲೂ ಕೈ ದುಡಿಗೇ ಹೋಗುತ್ತದೆ. ಅಂದರೆ ‘ನೋವಿನ ಸಂಕೇತ’ ಎಂಬ ನಿಮ್ಮ ಮಾತು ಅರ್ಧ ಪಟ್ಟಿಗೆ ಹೊಂದುವುದಿಲ್ಲ. ಇಲ್ಲಿ ‘ದುಡಿ ನೋವು, ನಲಿವು, ಪ್ರತಿಭಟನೆ ಎಲ್ಲದರ ಸಂಕೇತ’ ಎಂದು ತಿದ್ದುವ ಆಸೆ ಬರುತ್ತದೆ. ಹಾಗೆ ತಿದ್ದಬೇಡಿ. ಎಲ್ಲದರ ಸಂಕೇತ ಎಂದ ಕೂಡಲೇ ಪ್ರಬಂಧ ಬಿಡಿ ಬಿಡಿ ಟಿಪ್ಪಣಿಗಳಾಗಿ ಒಡೆದುಹೋಗುತ್ತದೆ. ನೋವಿಗೂ ನಲಿವಿಗೂ ಒಂದೇ ವಸ್ತು ಯಾಕೆ ಎಂದು ಕೇಳಿ. ಅವನ ಬದುಕಿನಲ್ಲಿ ತನ್ನಿಷ್ಟದಂತೆ ನಡೆಸಬಹುದಾದದ್ದು ಬೇರೆ ಏನುಂಟು? ದುಡಿಮೆ ಒಡೆಯನದ್ದು, ಸಾಲ ಕಾಫಿ ತೋಟದ್ದು, ಅಸ್ಪೃಶ್ಯನೆಂಬ ಕಾರಣಕ್ಕೆ ಭೂಮಿಯಂತೂ ಕೈಗೆ ಬರಲೇ ಇಲ್ಲ.

ಇಷ್ಟಾದ ಮೇಲೆ ಮೊದಲ ಕರಡು ಬರೆಯಬಹುದು: ‘ಒಡೆಯನ ಮುಂದೆ ಬಾಯಿ ಬಿಡಲಾಗದ ಚೋಮ ತನ್ನ ಪ್ರತಿಭಟನೆಯನ್ನು ದುಡಿಯಲ್ಲಿ ನುಡಿಯುತ್ತಾನೆ.’ ಕೇಳಲಿಕ್ಕೆ ಚೆನ್ನಾಗಿದೆ. ಈಗ ಇದಕ್ಕೆ ಎದುರಾಗಿ ನಿಲ್ಲುವ ಒಂದು ಘಟನೆಯನ್ನು ಕಾದಂಬರಿಯಲ್ಲೇ ಹುಡುಕಿ. ಹುಡುಕುವುದು ಕಷ್ಟವಿಲ್ಲ: ಚೋಮ ಬಾಯಿ ಬಿಟ್ಟಿದ್ದಾನೆ! ಒಡೆಯ ಸಂಕಪ್ಪಯ್ಯನ ಹತ್ತಿರ ಬೇಸಾಯಕ್ಕೆ ಭೂಮಿ ಕೇಳಿದ್ದಾನೆ. ಸಿಗಲಿಲ್ಲ, ಆದರೆ ಕೇಳಿದ್ದು ನಿಜ. ಹಾಗಾದರೆ ದುಡಿ ಮಾತಿನ ಬದಲಿಗೆ ಬಂದದ್ದಲ್ಲ, ಮಾತು ಸೋತ ಮೇಲೂ ಉಳಿದದ್ದು. ಸಣ್ಣ ವ್ಯತ್ಯಾಸದಂತೆ ಕಂಡರೂ ಪ್ರಬಂಧದ ದಿಕ್ಕೇ ಇದರಿಂದ ತಿರುಗುತ್ತದೆ. ‘ಚೋಮ ಮೂಕ’ ಎನ್ನುವ ಪ್ರಬಂಧ ಅವನ ಸ್ವಭಾವದ ಬಗ್ಗೆ. ‘ಚೋಮನ ಮಾತು ನಡೆಯಲಿಲ್ಲ’ ಎನ್ನುವ ಪ್ರಬಂಧ ಅವನ ಸುತ್ತಲಿನ ಜಾತಿವ್ಯವಸ್ಥೆಯ ಬಗ್ಗೆ.

ಮುಂದಿನ ಹೆಜ್ಜೆ, ಸಂಕೇತವನ್ನು ಒಂಟಿಯಾಗಿ ಬಿಡದೆ ಅದರ ಪಕ್ಕದ ಇನ್ನೊಂದು ವಸ್ತುವಿನ ಜೊತೆ ಇಟ್ಟು ನೋಡುವುದು. ಇಲ್ಲಿ ಅದು ಎತ್ತುಗಳು. ಕಾಡಿನಲ್ಲಿ ಸಿಕ್ಕಿದ ಎತ್ತುಗಳನ್ನು ಚೋಮ ಸಾಕುತ್ತಾನೆ. ಉಳುವ ಗದ್ದೆಯಿಲ್ಲದವನ ಮನೆಯಲ್ಲಿ ಉಳುವ ಎತ್ತು. ಎತ್ತುಗಳು ನಾಳೆಯ ಕಡೆ ಮುಖ ಮಾಡಿ ನಿಂತಿವೆ, ದುಡಿ ಇವತ್ತಿನ ರಾತ್ರಿಯನ್ನು ಕಳೆಯಲಿಕ್ಕೆ. ಕೊನೆಯಲ್ಲಿ ಅವನು ಎತ್ತುಗಳನ್ನು ಕಾಡಿಗೆ ಅಟ್ಟಿ, ಗುಡಿಸಲು ಸೇರಿ ಸಾಯುವ ತನಕ ದುಡಿ ಬಾರಿಸುತ್ತಾನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದು ನಿಮ್ಮ ವಾದದ ಮುಖ್ಯ ಸಾಕ್ಷಿ. ದುಡಿಯೊಂದನ್ನೇ ನೋಡುತ್ತಾ ಕೂತವರಿಗೆ ಇದು ಕಾಣುವುದಿಲ್ಲ.

ಈಗ ಎಲ್ಲವನ್ನೂ ಸೇರಿಸಿ ಬರೆದರೆ ಹೀಗಾಗಬಹುದು:

‘ಸುಖದುಃಖ ಎರಡನ್ನೂ ತನ್ನಿಷ್ಟದಂತೆ ನುಡಿಸುವ ಸ್ವಾತಂತ್ರ್ಯವನ್ನು ಚೋಮನಿಗೆ ಕೊಡುವುದು ದುಡಿಯೊಂದೇ, ಆದರೆ ಆ ಸದ್ದು ಒಡೆಯನ ಒಂದು ತೀರ್ಮಾನವನ್ನೂ ಬದಲಿಸುವುದಿಲ್ಲ. ಎತ್ತುಗಳನ್ನು ಅಟ್ಟಿ ದುಡಿಯೊಂದಿಗೆ ಉಳಿಯುವ ಚೋಮನ ಮೂಲಕ, ಜಾತಿವ್ಯವಸ್ಥೆ ಅವನಿಗೆ ನುಡಿಸಲು ಬಿಟ್ಟು ಉಳಲು ಬಿಡಲಿಲ್ಲ ಎಂಬುದನ್ನು ಕಾದಂಬರಿ ತೋರಿಸುತ್ತದೆ.’

ಇದನ್ನೇ ನಕಲು ಮಾಡಬೇಡಿ, ಆದರೆ ಇದರ ಕಟ್ಟಡ ಗಮನಿಸಿ. ಸಂಕೇತ ಏನು ಕೊಡುತ್ತದೆ, ಏನು ಕೊಡುವುದಿಲ್ಲ, ಕಾದಂಬರಿ ಅದರಿಂದ ಏನು ಹೇಳುತ್ತದೆ: ಮೂರೂ ಇವೆ. ‘ಸಂಕೇತಿಸುತ್ತದೆ’ ಎಂಬ ಕ್ರಿಯಾಪದ ಒಮ್ಮೆಯೂ ಬಂದಿಲ್ಲ. ಅದರ ಬದಲು ಕೊಡು, ಬದಲಿಸು, ಬಿಡು ಎಂಬ ಕೆಲಸ ಮಾಡುವ ಕ್ರಿಯಾಪದಗಳಿವೆ. ‘ಸಂಕೇತಿಸುತ್ತದೆ’ ಎಂದು ಬರೆದರೆ ವಾಕ್ಯ ‘ಇದು ಅದು’ ಎನ್ನುವಲ್ಲೇ ನಿಲ್ಲುತ್ತದೆ, ‘ಹೇಗೆ’ ಎಂಬಲ್ಲಿಗೆ ಹೋಗುವುದೇ ಇಲ್ಲ. ಎರಡು ವಾಕ್ಯ ಸಾಕು, ಮೂರನೆಯದು ಬಂದರೆ ಅದು ವಿವರಣೆ, ಒಳಗಿನ ಪ್ಯಾರಾಕ್ಕೆ ಕಳಿಸಿ. ಜಾಗ ಮೊದಲ ಪ್ಯಾರಾದ ಕೊನೆ.

ಬರೆದಾದ ಮೇಲೆ ಥೀಸಿಸ್ಸಿನ ಪ್ರತಿ ತುಂಡಿಗೂ ಒಂದು ಪ್ಯಾರಾ ಹೊಂದುತ್ತದೆಯೇ ನೋಡಿ. ಮೇಲಿನದಕ್ಕಾದರೆ ಖುಷಿಯ ಮತ್ತು ದುಃಖದ ದುಡಿ ಒಂದು, ಭೂಮಿ ಕೇಳಿ ಸೋತದ್ದು ಒಂದು, ಎತ್ತುಗಳು ಒಂದು, ಕೊನೆಯ ರಾತ್ರಿ ಒಂದು. ಕೊನೆಯ ರಾತ್ರಿಯ ಪ್ಯಾರಾದಲ್ಲಿ ಎದುರು ಓದಿಗೆ ಜಾಗ ಕೊಡಲೇಬೇಕು. ಸಾಯುವ ತನಕ ಬಾರಿಸುವುದು ಸೋಲಲ್ಲ, ಬಗ್ಗಲಾರೆ ಎಂಬ ಹಠ ಎಂದು ವಾದಿಸಬಹುದು, ಗಟ್ಟಿಯಾಗಿಯೇ ವಾದಿಸಬಹುದು. ನಿಮಗೆ ಅದೇ ಸರಿ ಎನಿಸಿದರೆ ಥೀಸಿಸ್ಸಿನ ಎರಡನೆಯ ವಾಕ್ಯವನ್ನು ಅದರಂತೆ ತಿರುಗಿಸಿ. ಎರಡನ್ನೂ ‘ಒಂದು ರೀತಿಯಲ್ಲಿ ಹೌದು’ ಎಂದು ಒಪ್ಪಿಕೊಂಡು ಮಾತ್ರ ಹೋಗಬೇಡಿ.

ನಮ್ಮ ಕಡೆಯವರು ಜಾರುವ ಜಾಗಗಳು ಎರಡುಂಟು. ದುಡಿ, ಪಂಜುರ್ಲಿ, ಕೋಲ ಎಲ್ಲ ನಮಗೆ ಪರಿಚಯದ್ದೇ ಆದ್ದರಿಂದ ಒಂದಿಡೀ ಪುಟ ದುಡಿ ಎಂಬ ವಾದ್ಯದ ವರ್ಣನೆಗೇ ಹೋಗುತ್ತದೆ. ಅದು ಜಾನಪದದ ಪೇಪರಿಗೆ ಆಗಬಹುದು, ಇಲ್ಲಿ ಒಂದು ಸಾಲು ಸಾಕು. ಇನ್ನೊಂದು, ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಸಿನಿಮಾದ ಚಿತ್ರಗಳು ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತವೆ, ಬರೆಯುವಾಗ ಅವೇ ಸಾಕ್ಷಿಯಾಗಿ ನುಸುಳುತ್ತವೆ. ಪುಟಸಂಖ್ಯೆ ಕೊಡಲಿಕ್ಕಾಗದ ಸಾಕ್ಷಿಯನ್ನು ಹೊಡೆದುಹಾಕಿ.

ಚೋಮನ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಬಾರದೆಂದು ಯಾರೂ ಎತ್ತದ ಪ್ರಸಂಗವನ್ನು ಸೇರಿಸಬೇಕು ಎಂದು ನಿಮಗೆ ಖಂಡಿತ ಅನಿಸುತ್ತದೆ. ಕಾದಂಬರಿಯ ಅತ್ಯಂತ ಕಠೋರ ಭಾಗ ಅದು. ನಿಮ್ಮ ನಾಲ್ಕು ಕಾಲಮ್ಮಿನ ಪಟ್ಟಿ ತೆಗೆದು ನೋಡಿ: ಆ ಸಾವಿನ ಆಚೀಚೆ ದುಡಿಯ ಪ್ರಸ್ತಾಪ ಇದ್ದರೆ ಸೇರಿಸಿ, ಇಲ್ಲದಿದ್ದರೆ ಈ ಪ್ರಬಂಧದಿಂದ ಬಿಟ್ಟುಬಿಡಿ.