ಡಿಮ್ಯಾಟ್‌ನಾಗ ರೊಕ್ಕ ಎಲ್ಲಿ ಅದ?

“20,000 ಹಾಕಿ ಶೇರು ತಗೊಂಡೀನಿ. ಡಿಮ್ಯಾಟ್ ಸ್ಟೇಟ್‌ಮೆಂಟ್‌ನಾಗ ರೊಕ್ಕನೇ ಕಾಣವಲ್ದು. ಬಡ್ಡಿ ಯಾವಾಗ ಬರ್ತದ?”

ಅಣ್ಣಾ, ಡಿಮ್ಯಾಟ್‌ನಾಗ ರೊಕ್ಕ ಇರಂಗಿಲ್ಲ, ಬಡ್ಡಿನೂ ಇಲ್ಲ. ಅಲ್ಲಿರೋದು ಶೇರು, ಬಾಂಡು, ಫಂಡಿನ ಯೂನಿಟ್‌ಗಳ ಲೆಕ್ಕ. ನಮ್ಮ ಕಲಬುರಗಿ ಕಡೆ ಗೋದಾಮಿನಾಗ ತೊಗರಿ ಇಡ್ತೀವಲ್ಲ, ಹಂಗ. 10 ಚೀಲ ಇಟ್ರ ರಸೀದಿ ಮ್ಯಾಲ 10 ಚೀಲ ಅಂತನೇ ಇರ್ತದ, ದರ ಏರ್ಲಿ ಇಳೀಲಿ.

ನೀವು 2,000ದಂಗ 10 ಶೇರು ತಗೊಂಡೀರಿ ಅಂತ ಹಿಡೀರಿ. 20,000 ನಿಮ್ಮ ಬ್ಯಾಂಕಿನಿಂದ ಬ್ರೋಕರ್ ಹತ್ರ ಇರೋ ಟ್ರೇಡಿಂಗ್ ಖಾತೆಗೆ ಹೋಗಿ, ಅಲ್ಲಿಂದ ಮಾರಿದವರಿಗೆ ಮುಟ್ತದ. ಮರುದಿನ, ಅಂದ್ರ ಮುಂದಿನ ಕೆಲಸದ ದಿನ, 10 ಶೇರು ಡಿಮ್ಯಾಟ್‌ಗೆ ಬರ್ತಾವ. ನಾಳೆ ದರ 1,800 ಆದ್ರೂ ಅವು 10ನೇ. ಬೆಲೆ ಮಾತ್ರ 18,000 ಆಗ್ತದ. ಬ್ಯಾಂಕಿನಾಗ ಇಟ್ಟ ಅಸಲು ಹಿಂಗ ಕಮ್ಮಿ ಆಗಂಗಿಲ್ಲ. ಕಂಪನಿ ಲಾಭದಾಗಿನ ಪಾಲು, ಅಂದ್ರ ಡಿವಿಡೆಂಡ್ ಕೊಟ್ರ ಅದು ಸೀದಾ ಬ್ಯಾಂಕ್ ಖಾತೆಗೆ ಬೀಳ್ತದ, ಬೋನಸ್ ಶೇರು ಕೊಟ್ರ ಡಿಮ್ಯಾಟ್‌ಗೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಶೇರು ಇರೋದು ಬ್ರೋಕರ್ ಕಪಾಟಿನಾಗ ಅಲ್ಲ. ಸಿಡಿಎಸ್‌ಎಲ್ ಇಲ್ಲಾ ಎನ್‌ಎಸ್‌ಡಿಎಲ್ ಅನ್ನೋ ಡಿಪಾಸಿಟರಿಯೊಳಗ, ಅಂದ್ರ ಶೇರಿನ ಲೆಕ್ಕ ಇಡೋ ಸಂಸ್ಥೆಯೊಳಗ, ನಿಮ್ಮ ಹೆಸರಿಗೆ. ಬ್ರೋಕರ್ ಆ್ಯಪ್ ಅಷ್ಟೇ ನೋಡಿ ನಂಬಬ್ಯಾಡ್ರಿ. ಡಿಪಾಸಿಟರಿಯಿಂದ ಇಮೇಲ್‌ಗೆ ಬರೋ, ನಿಮ್ಮ ಹೂಡಿಕೆ ಎಲ್ಲಾ ಒಂದೇ ಕಡೆ ತೋರಿಸೋ ಸಿಎಎಸ್ ಸ್ಟೇಟ್‌ಮೆಂಟ್ ತೆಗೆದು ಶೇರಿನ ಹೆಸರು, ಸಂಖ್ಯೆ ಎರಡೂ ಆ್ಯಪ್‌ನಾಗ ಇದ್ದದ್ದಕ್ಕ ಕೂಡ್ತಾವೇನು ನೋಡ್ರಿ. ಕೂಡಲಿಲ್ಲ ಅಂದ್ರ ಅವತ್ತೇ ಬ್ರೋಕರ್‌ಗೆ ಬರವಣಿಗೆಯೊಳಗ ಕೇಳ್ರಿ.