‘ಹೇಳಿ ಅತ್ತೆ, ಏನ್ ವಿಷಯ?’ ಅನ್ನೋ ಅಳಿಯ

ಪ್ರಶ್ನೆ: ಮಗಳ ಮದುವೆಯಾಗಿ ಎರಡು ವರ್ಷ ಆಯಿತು. ಅಳಿಯ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ಒಳ್ಳೆಯವರು, ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಫೋನ್ ಮಾಡಿ ‘ತಿಂಡಿ ಆಯ್ತಾ?’ ಅಂದರೆ ‘ಆಯ್ತು’ ಅಂತಾರೆ, ಅಷ್ಟೇ, ತಿರುಗಿ ನಮ್ಮನ್ನು ಕೇಳುವುದೇ ಇಲ್ಲ. ‘ಮತ್ತೆ?’ ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹೇಳಿ ಅತ್ತೆ, ಏನ್ ವಿಷಯ?’ ಅಂತಾರೆ. ಅದೇ ತೋಟದ ಮೋಟಾರಿನ ಸ್ಟಾರ್ಟರ್ ಟ್ರಿಪ್ ಆಗ್ತಿದೆ ಅಂದಾಗ ಒಂದು ಗಂಟೆ ಮಾತಾಡಿದರು! ‘ಅವರು ಚಿಕ್ಕಂದಿನಿಂದ ಹಾಗೇ ಅಮ್ಮ, ಅವರಮ್ಮನ ಹತ್ತಿರವೂ ಹಾಗೇ’ ಅಂತಾಳೆ ಮಗಳು. ನನಗೆ ಮಾತ್ರ ಇದು ಅಸಡ್ಡೆ ಅನ್ನಿಸಿ ಬೇಜಾರಾಗುತ್ತದೆ. ಇಂಥವರ ಹತ್ತಿರ ಹೇಗೆ ಮಾತಾಡಬೇಕು?
– ಸಾಗರದ ಓದುಗರು

ಉತ್ತರ (ಮಾತು–ಭಾಷೆ ತಜ್ಞೆ): ಅಸಡ್ಡೆ ಇರುವವರು ಅತ್ತೆಮನೆಯ ಸ್ಟಾರ್ಟರ್‌ಗಾಗಿ ಒಂದು ಗಂಟೆ ಫೋನ್ ಹಿಡಿದು ಕೂರುವುದಿಲ್ಲ. ಮೋಟಾರಿನ ಮಾತಿಗೆ ಒಂದು ವಿಷಯ ಇತ್ತು. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಬೇಕು ಅಂತ ಗೊತ್ತಿತ್ತು, ತಮ್ಮಿಂದ ಏನು ಬೇಕು ಅನ್ನುವುದೂ ಗೊತ್ತಿತ್ತು. ‘ತಿಂಡಿ ಆಯ್ತಾ’ ಮಾತಿನಲ್ಲಿ ಇದ್ಯಾವುದೂ ಇಲ್ಲ.

ನಮಗೆ ‘ತಿಂಡಿ ಆಯ್ತಾ?’ ಅನ್ನುವುದು ತಿಂಡಿಯ ಪ್ರಶ್ನೆಯೇ ಅಲ್ಲ. ನಿಮ್ಮ ನೆನಪಾಯಿತು, ನಾವು ಚೆನ್ನಾಗಿದ್ದೇವೆ, ಮಾತಾಡೋಣ ಅಂತ ಅದರ ಅರ್ಥ. ಹೆಚ್ಚಿನವರು ಇದನ್ನು ಯೋಚಿಸದೇ ಹಿಡಿದುಬಿಡುತ್ತಾರೆ. ಕೆಲವರಿಗೆ ಮಾತ್ರ ಪದಗಳಲ್ಲಿ ಏನಿದೆಯೋ ಅದೇ ಮೊದಲು ತಲುಪುತ್ತದೆ. ತಿಂಡಿ ಆಗಿದೆ, ಹಾಗಾಗಿ ‘ಆಯ್ತು’. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಾಯಿತು, ಅವರ ಪಾಲಿಗೆ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ನಿಮ್ಮ ಪಾಲಿಗೆ ಮಾತು ಇನ್ನೂ ಶುರುವೇ ಆಗಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಆ ‘ಮತ್ತೆ?’. ಇನ್ನೇನಾದರೂ ಹೇಳಿ ಅಂತಲೂ ‘ಮತ್ತೆ’, ನನ್ನ ಮಾತು ಮುಗಿಯಿತು ಅಂತಲೂ ‘ಮತ್ತೆ’, ಫೋನ್ ಇಡೋಣವಾ ಅನ್ನುವುದಕ್ಕೂ ‘ಮತ್ತೆ’. ಮೂರರಲ್ಲಿ ಯಾವುದು ಅಂತ ದನಿಯ ಏರಿಳಿತದಿಂದಲೇ ಊಹಿಸಬೇಕು, ಫೋನಿನಲ್ಲಿ ಮುಖ ಬೇರೆ ಕಾಣುವುದಿಲ್ಲ. ಅವರು ಸುಮ್ಮನಾಗುವುದು ಆಗ. ‘ಏನ್ ವಿಷಯ?’ ಅಂದರೆ ‘ನನ್ನಿಂದ ಏನಾಗಬೇಕು, ಹೇಳಿ’ ಅಂತ. ನಿಮಗೆ ಅದು ಬಾಗಿಲು ಹಾಕಿದ ಹಾಗೆ ಕೇಳುತ್ತಿದೆ. ಅವರು ತೆಗೆಯಲು ನೋಡುತ್ತಿದ್ದಾರೆ ಅಂತ ನನಗನ್ನಿಸುತ್ತದೆ.

ಆ ಮೌನ ಯಾಕೆ ಅಷ್ಟು ಚುಚ್ಚುತ್ತದೆ ಅನ್ನುವುದಕ್ಕೂ ಕಾರಣ ಇದೆ. ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳ ಮಾತುಕತೆಗಳನ್ನು ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗಲು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು. ಹೆಚ್ಚುಕಡಿಮೆ ಕಣ್ಣು ಮಿಟುಕಿಸುವಷ್ಟು ಹೊತ್ತು. ನಮ್ಮ ಕಿವಿ ಈ ವೇಗಕ್ಕೆ ಒಗ್ಗಿಹೋಗಿರುವುದರಿಂದ ಎರಡು ಸೆಕೆಂಡು ತಡವಾದರೆ ಸಾಕು, ಏನೋ ಸಿಟ್ಟಿರಬೇಕು ಅನ್ನಿಸುತ್ತದೆ. ಆದರೆ ‘ಇದು ನಿಜವಾದ ಪ್ರಶ್ನೆಯಾ, ಎಷ್ಟುದ್ದ ಹೇಳಬೇಕು, ತಿರುಗಿ ಏನು ಕೇಳಬೇಕು’ ಅಂತ ಒಂದೊಂದನ್ನೂ ಲೆಕ್ಕ ಹಾಕಬೇಕಾದವರಿಗೆ ಎರಡು ಸೆಕೆಂಡು ಏನೇನೂ ಅಲ್ಲ.

ಆಟಿಸಂ ಇರುವ ಎಷ್ಟೋ ವಯಸ್ಕರು ತಮ್ಮ ಅನುಭವವನ್ನು ಹೀಗೇ ಹೇಳಿಕೊಳ್ಳುತ್ತಾರೆ. ನಿಮ್ಮ ಅಳಿಯನಿಗೆ ಅದು ಇದೆಯೋ ಇಲ್ಲವೋ ಪತ್ರ ಓದಿ ಹೇಳಲಾಗದು, ಹೇಳಬಾರದು ಕೂಡ. ಆಟಿಸಂ ಇಲ್ಲದೆಯೂ ಹೀಗಿರುವವರು ಬೇಕಾದಷ್ಟು ಜನ. ಆದರೆ ಆ ವಿಷಯದಲ್ಲಿ ನಡೆದ ಅಧ್ಯಯನಗಳಲ್ಲಿ ನಿಮಗೆ ಉಪಯೋಗವಾಗುವ ಒಂದು ಮಾತಿದೆ. 2012ರಲ್ಲಿ ಡೇಮಿಯನ್ ಮಿಲ್ಟನ್ ಅನ್ನುವ ಸಂಶೋಧಕರು, ಅವರೂ ಆಟಿಸಂ ಇರುವವರೇ, ಇದು ಒಬ್ಬರ ಕೊರತೆಯಲ್ಲ, ಅರ್ಥವಾಗದಿರುವುದು ಎರಡೂ ಕಡೆ ಅಂತ ವಾದಿಸಿದರು. 2020ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಎಂಟೆಂಟು ಜನರ ಸಾಲು ಮಾಡಿ, ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲು ಹೇಳಿದರು. ಎಲ್ಲರೂ ಆಟಿಸಂ ಇರುವವರೇ ಆಗಿದ್ದ ಸಾಲು, ಎಲ್ಲರೂ ಇಲ್ಲದವರೇ ಆಗಿದ್ದ ಸಾಲು, ಎರಡೂ ಸರಿಸಮವಾಗಿ ದಾಟಿಸಿದವು. ಇಬ್ಬರೂ ಬೆರೆತಿದ್ದ ಸಾಲಿನಲ್ಲಿ ಕಥೆಯ ಹೆಚ್ಚು ವಿವರಗಳು ಕಳೆದುಹೋದವು. ಅಂದರೆ ಮಾತಾಡಲು ಬಾರದವರು ಅಂತ ಯಾರೂ ಇರಲಿಲ್ಲ, ತೊಂದರೆ ಇದ್ದದ್ದು ಇಬ್ಬರ ನಡುವೆ. ನೀವು ಅವರನ್ನು ತಪ್ಪಾಗಿ ತಿಳಿದಷ್ಟೇ ಅವರೂ ನಿಮ್ಮನ್ನು ತಪ್ಪಾಗಿ ತಿಳಿದಿರಬಹುದು: ‘ಅತ್ತೆ ಫೋನ್ ಮಾಡ್ತಾರೆ, ಏನೋ ಹೇಳೋಕಿದೆ, ಹೇಳ್ತಾನೇ ಇಲ್ಲ, ನನ್ನಿಂದ ಏನಾದರೂ ತಪ್ಪಾಯಿತಾ?’

ಈಗ ಹೇಗೆ ಮಾತಾಡುವುದು ಅಂತ ನೋಡೋಣ. ಮುಂದಿನ ಸಲ ಫೋನ್ ಮಾಡುವ ಮೊದಲು ಒಂದು ವಾಟ್ಸಾಪ್ ಹಾಕಿ. ಸುಮ್ನೆ ‘ಹಾಯ್’ ಅಂತ ಹಾಕಿ ಕಾಯಬೇಡಿ, ಇಂಥವರಿಗೆ ಅದು ‘ಮತ್ತೆ?’ಗಿಂತ ಜಾಸ್ತಿ ಹಿಂಸೆ. ವಿಷಯವನ್ನೇ ಬರೆಯಿರಿ: ‘ಇವತ್ತು ಸಂಜೆ 7ಕ್ಕೆ ಫೋನ್ ಮಾಡಲಾ? ಎರಡು ವಿಷಯ ಇದೆ. ದೀಪಾವಳಿಗೆ ಯಾವತ್ತು ಬರ್ತೀರಿ, ಆಮೇಲೆ ಮಾವನ ಕಣ್ಣಿನ ಪೊರೆಯ ಆಪರೇಷನ್ ತಾರೀಕು. ಹತ್ತು ನಿಮಿಷ ಸಾಕು.’ ಫೋನ್ ಎತ್ತಿದ ಮೇಲೂ ಅದರಿಂದಲೇ ಶುರು ಮಾಡಿ. ಒಂದು ಪ್ರಶ್ನೆ ಕೇಳಿ, ಸುಮ್ಮನೆ ಕಾಯಿರಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮಧ್ಯೆ ‘ಹಲೋ, ಕೇಳಿಸ್ತಾ?’ ಅಂದರೆ ಅವರು ಯೋಚಿಸುತ್ತಿದ್ದದ್ದು ಮತ್ತೆ ಮೊದಲಿಂದ ಶುರುವಾಗುತ್ತದೆ. ಎರಡೂ ವಿಷಯ ಮುಗಿದ ಮೇಲೆ ‘ನನ್ನದು ಇಷ್ಟೇ. ನಿಮ್ಮದೇನಾದರೂ ಇದೆಯಾ? ಇಲ್ಲ ಅಂದರೆ ಇಡ್ತೀನಿ’ ಅಂತ ಹೇಳಿಬಿಡಿ. ನಮಗೆ ಇದು ಒರಟಾಗಿ ಕೇಳಬಹುದು. ಅವರಿಗೆ ನೆಮ್ಮದಿ.

ವಿಷಯ ಏನೂ ಇಲ್ಲದೆ ಸುಮ್ಮನೆ ಮಾತಾಡಬೇಕು ಅನ್ನಿಸಿದರೆ? ಅನ್ನಿಸುತ್ತದೆ, ಅದನ್ನು ನೀವು ಬಿಡಬೇಕಾಗಿಲ್ಲ. ಅದನ್ನೇ ವಿಷಯ ಮಾಡಿ ಹೇಳಿ: ‘ಕೆಲಸ ಏನೂ ಇಲ್ಲ, ನಿಮ್ಮ ದನಿ ಕೇಳೋಣ ಅಂತ ಮಾಡಿದೆ. ಐದು ನಿಮಿಷ ಊರಿನ ಸುದ್ದಿ ಹೇಳ್ತೀನಿ, ನೀವು ಕೇಳಿಸಿಕೊಂಡರೆ ಸಾಕು.’ ಇಷ್ಟು ಗೊತ್ತಾದರೆ ಅವರು ಆರಾಮಾಗಿ ಕೇಳಿಯಾರು, ಯಾಕೆಂದರೆ ತಮ್ಮ ಕೆಲಸ ಕೇಳುವುದು ಅಂತ ಗೊತ್ತಾಯಿತಲ್ಲ. ‘ಏನ್ ಸಮಾಚಾರ?’ ಬದಲು ಹಿಡಿದು ಉತ್ತರಿಸಬಹುದಾದದ್ದು ಕೇಳಿ. ‘ಟೆರೇಸ್ ಸೋರ್ತಿತ್ತಲ್ಲ, ಕೆಲಸ ಮುಗೀತಾ? ಏನು ಹಾಕಿಸಿದ್ರಿ?’ ಅಂತ ಕೇಳಿದರೆ ನಿಮಗೆ ಬೇಕಾಗಿದ್ದ ಮಾತೂ ಸಿಗುತ್ತದೆ. ಉದ್ದಕ್ಕೇ ಸಿಗಬಹುದು, ತಾಳ್ಮೆ ಇರಲಿ.

ಇನ್ನೊಂದು ಕಡೆ ಎಡವುವುದು ಸೂಚನೆಯ ಮಾತಿನಲ್ಲಿ. ‘ಈ ಸಲ ಅಡಿಕೆ ಕೊಯ್ಲಿಗೆ ಜನಾನೇ ಸಿಗ್ತಿಲ್ಲಪ್ಪಾ’ ಅಂತ ನೀವು ಅಂದಿರುತ್ತೀರಿ, ಶನಿವಾರ ಬರ್ತೀನಿ ಅನ್ನಲಿ ಅಂತ ಒಳಗೊಳಗೆ ಕಾದಿರುತ್ತೀರಿ. ಅವರಿಗೆ ಅದು ಬರೀ ಸುದ್ದಿ. ಬೇಕಿದ್ದರೆ ಬೇಕು ಅಂತ ಕೇಳಿ: ‘ಈ ಶನಿವಾರ ಬಂದು ಎರಡು ದಿನ ಕೊಯ್ಲು ನೋಡಿಕೊಳ್ಳೋಕೆ ಆಗತ್ತಾ? ಆಗಲ್ಲ ಅಂದರೂ ಬೇಜಾರಿಲ್ಲ.’ ಅವರು ‘ಆಗಲ್ಲ’ ಅಂದರೆ ನಿಜವಾಗಿ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಎಷ್ಟೋ ಸಲ ‘ನೋಡೋಣ’ ಅಂದರೇ ಇಲ್ಲ ಅಂತ, ಅವರು ಆ ಸುತ್ತು ಬಳಸುವುದಿಲ್ಲ, ಅಷ್ಟೇ. ಹಾಗೇ ‘ಮನೆ ಕಡೆ ಬನ್ನಿ ಒಂದ್ಸಲ’ ಅಂದಾಗ ‘ಯಾವತ್ತು ಬರಬೇಕು?’ ಅಂತ ಕೇಳಿದರೆ ನಗಬೇಡಿ. ತಾರೀಕು ಹೇಳಿ.

ನಾನು ನೋಡಿದ ಮನೆಗಳಲ್ಲಿ ಕೆಲಸ ಕೆಡಿಸಿದ್ದು ಹೆಚ್ಚಾಗಿ ಎರಡು. ಒಂದು, ಎಲ್ಲ ಮಾತನ್ನೂ ಮಗಳ ಮೂಲಕವೇ ದಾಟಿಸುವುದು. ಕೆಲವೇ ತಿಂಗಳಲ್ಲಿ ಅವಳು ಸುಸ್ತಾಗುತ್ತಾಳೆ, ನಿಮಗೂ ಅಳಿಯನಿಗೂ ನೇರ ಮಾತೇ ಇಲ್ಲದಂತಾಗುತ್ತದೆ. ಇನ್ನೊಂದು, ನೆಂಟರ ಮುಂದೆ ‘ನಮ್ಮ ಅಳಿಯಂದಿರು ಬಾಯಲ್ಲಿ ಮುತ್ತು ಉದುರುತ್ತೆ ಅಂತ ಮಾತಾಡಲ್ಲ’ ಅಂತ ತಮಾಷೆ ಮಾಡುವುದು. ಹೇಳುವವರಿಗೆ ಅದು ಪ್ರೀತಿ, ಆದರೆ ಕೂತಲ್ಲೇ ಹತ್ತು ಜನರ ಕಣ್ಣು ತನ್ನ ಮೇಲೆ ಬಿದ್ದವನಿಗೆ ಮುಂದಿನ ಸಲ ಬರುವುದೇ ಬೇಡ ಅನ್ನಿಸುತ್ತದೆ. ನೆಂಟರು ಮೊದಲ ನೋಟಕ್ಕೇ ಅಳೆಯುವವರು ಬೇರೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಟಿಸಂ ಇರುವವರ ಕೆಲವೇ ಸೆಕೆಂಡಿನ ವಿಡಿಯೋ ನೋಡಿದವರು ಅವರಿಗೆ ಕಡಿಮೆ ಅಂಕ ಕೊಟ್ಟರು. ಅವರು ಆಡಿದ ಅದೇ ಮಾತನ್ನು ಬರೀ ಬರಹದಲ್ಲಿ ಓದಲು ಕೊಟ್ಟಾಗ ಆ ವ್ಯತ್ಯಾಸ ಕಾಣಲಿಲ್ಲ. ಮಾತಿನಲ್ಲಿ ಕೊರತೆ ಇರಲಿಲ್ಲ, ಹೇಳಿದ ರೀತಿ ನೋಡುವವರಿಗೆ ಹಿಡಿಸಿರಲಿಲ್ಲ. ಹಾಗಾಗಿ ಯಾರಾದರೂ ‘ಅಳಿಯ ಮಾತೇ ಆಡಲ್ವಲ್ಲ?’ ಅಂದರೆ ‘ಅವರು ವಿಷಯ ಇದ್ದರೆ ಮಾತಾಡ್ತಾರೆ, ನಮಗೆ ಅದು ಇಷ್ಟ’ ಅಂದು ಮುಂದೆ ಹೋಗಿ. ಆಟಿಸಂ ಗೀಟಿಸಂ ಅಂತ ಹೆಸರು ಕೊಡುವುದು ನಮ್ಮ ಕೆಲಸವಲ್ಲ.

ಒಂದು ಎಚ್ಚರಿಕೆ. ನಿಮ್ಮ ಮಗಳು ಹೇಳಿದ ‘ಚಿಕ್ಕಂದಿನಿಂದ ಹಾಗೇ, ಅವರಮ್ಮನ ಹತ್ತಿರವೂ ಹಾಗೇ’ ಅನ್ನುವ ಮಾತಿನ ಮೇಲೇ ನನ್ನ ಉತ್ತರವೆಲ್ಲ ನಿಂತಿದೆ. ಮೊದಲು ಚೆನ್ನಾಗಿ ಹರಟುತ್ತಿದ್ದವರು ಈಚೆಗೆ ಸುಮ್ಮನಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ವಿಷಯಕ್ಕೂ ಬಾಯಿ ಬಿಡದಿದ್ದರೆ ಅದು ಸ್ವಭಾವವಲ್ಲ, ಮನಸ್ಸಿಗೆ ಏನೋ ಆಗಿದೆ ಅಂತ ತಿಳಿದು ವೈದ್ಯರನ್ನು ಕಾಣಬೇಕು. ‘ಆಂ?’ ಅಂತ ಪದೇ ಪದೇ ಕೇಳಿ, ಎದುರಿಗೆ ಕೂತಾಗ ಸರಿಯಿದ್ದು ಫೋನಿನಲ್ಲಿ ಮಾತ್ರ ತಡವಾದರೆ ಕಿವಿ ಪರೀಕ್ಷೆ ಮಾಡಿಸಿ. ಎಲ್ಲರ ಹತ್ತಿರವೂ ಹರಟಿ, ನಿಮ್ಮೊಬ್ಬರ ಹತ್ತಿರ ಮಾತ್ರ ಮೊಟಕಾಗಿದ್ದರೆ ಏನೋ ಮನಸ್ತಾಪ ಇದೆ, ಅದನ್ನೂ ನೇರವಾಗಿಯೇ ಕೇಳಬೇಕು.

ಇನ್ನು, ಎಲ್ಲವನ್ನೂ ನೀವೊಬ್ಬರೇ ಬದಲಾಯಿಸಿಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಬೇಕಾದದ್ದನ್ನು ಸ್ಪಷ್ಟವಾಗಿ ಹೇಳಿದರೆ ಮಾಡುವವರು ಇವರು. ‘ವಾರಕ್ಕೊಂದು ಸಲ ನೀವಾಗಿಯೇ ಒಂದು ಫೋಟೋನೋ ಎರಡು ಸಾಲೋ ಕಳಿಸಿ, ನನಗೆ ಖುಷಿಯಾಗತ್ತೆ’ ಅಂತ ಕೇಳಿ ನೋಡಿ. ಯಾವ ವಾರ ಸುಮ್ಮನಾದರೂ ಅದನ್ನು ಲೆಕ್ಕ ಇಡಬೇಡಿ. ಫೋನ್ ಬೇಕಾ, ಬರೆದು ಕಳಿಸುವುದು ಸಾಕಾ, ಯಾವ ಹೊತ್ತಿಗೆ ಅನುಕೂಲ ಅಂತಲೂ ಅವರನ್ನೇ ಕೇಳಿ, ಯಾಕೆಂದರೆ ಇಂಥವರೆಲ್ಲ ಒಂದೇ ಥರ ಇರುವುದಿಲ್ಲ, ಕೆಲವರಿಗೆ ‘ತಿಂಡಿ ಆಯ್ತಾ’ ಬೇಕು, ಅಲ್ಲಿಗೇ ನಿಲ್ಲಬೇಕು, ಅಷ್ಟೇ. ದೀಪಾವಳಿಗೆ ಬಂದಾಗ ಯಾರ್ಯಾರು ಬರುತ್ತಾರೆ, ಊಟ ಎಷ್ಟು ಹೊತ್ತಿಗೆ, ಎಲ್ಲರ ಜೊತೆ ಎಷ್ಟು ಹೊತ್ತು ಕೂರಬೇಕು ಅಂತ ಮೊದಲೇ ತಿಳಿಸಿ. ಊಟವಾದ ಮೇಲೆ ಅವರು ಎದ್ದು ಮಾವನ ಜೊತೆ ಮೋಟಾರ್ ಮನೆ ಕಡೆ ಹೊರಟರೆ ತಡೆಯಬೇಡಿ.