ಬ್ರ್ಯಾಂಡ್ ಹೆಸರಿನ ಹಿಂದಿರುವ ಮಾರಾಟಗಾರರನ್ನು ಪತ್ರದ ಮೂಲಕ ಪತ್ತೆ ಹಚ್ಚುವುದು

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಗ್ರೈಂಡರ್ ಕೆಟ್ಟಿದೆ. ಜಾಲತಾಣದಲ್ಲಿ ಬ್ರ್ಯಾಂಡ್ ಹೆಸರು, ವಾಟ್ಸಾಪ್ ನಂಬರ್ ಬಿಟ್ಟರೆ ಏನೂ ಇಲ್ಲ. ಅವರ ವಿವರ ಕೇಳಿ ಪತ್ರ ಬರೆಯುವುದು ಹೇಗೆ?

ಮೂರು ವರ್ಷಗಳ ಹಿಂದೆ ನಾನು ಇಂಥದೇ ಒಂದು ಜಾಲತಾಣದಿಂದ 4,200 ರೂಪಾಯಿಯ ಮಿಕ್ಸಿ ತರಿಸಿದ್ದೆ. ಅದು ಹದಿನೈದೇ ದಿನಕ್ಕೆ ನಿಂತಾಗ ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿದ್ದ ಬ್ರ್ಯಾಂಡ್ ಹೆಸರಿಗೇ ನೋಟಿಸು ಕಳುಹಿಸಿದೆ. ಅಂಥವರು ಇಲ್ಲಿಲ್ಲ ಎಂಬ ಷರಾ ಹೊತ್ತು ಲಕೋಟೆ ಮರಳಿತು. ಬ್ರ್ಯಾಂಡ್ ಎಂಬುದು ಅಂಗಡಿಯ ಬೋರ್ಡಿನಂತೆ. ಗ್ರಾಹಕರ ಆಯೋಗದಲ್ಲಿ ಎದುರುದಾರರಾಗಿ ನಿಲ್ಲಬೇಕಾದವರು ಅದರ ಹಿಂದಿರುವ ಕಂಪನಿ, ಪಾಲುದಾರಿಕೆ ಸಂಸ್ಥೆ ಅಥವಾ ಒಬ್ಬ ಮಾಲೀಕರು.

ಆದ್ದರಿಂದ ಪತ್ರಕ್ಕೆ ಕೈಹಾಕುವ ಮೊದಲು ಬಿಲ್ಲಿನಲ್ಲಿರುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ನೋಡಿ. ಅದರ ಆರನೆಯ ಅಕ್ಷರ C ಆಗಿದ್ದರೆ ಕಂಪನಿ, F ಆಗಿದ್ದರೆ ಪಾಲುದಾರಿಕೆ, P ಆಗಿದ್ದರೆ ವ್ಯಕ್ತಿಯೊಬ್ಬರ ಸ್ವಂತ ವ್ಯಾಪಾರ ಎಂದು ಸಾಮಾನ್ಯವಾಗಿ ತಿಳಿಯಬಹುದು. ಜಿಎಸ್‌ಟಿ ಪೋರ್ಟಲಿನ Search Taxpayer ಪುಟದಲ್ಲಿ ಈ ಸಂಖ್ಯೆ ಹಾಕಿದರೆ ನೋಂದಾಯಿತ ಹೆಸರು ಸಿಗುತ್ತದೆ. ನನ್ನ ಬಿಲ್ಲಿನಲ್ಲಿದ್ದದ್ದು P. ಬ್ರ್ಯಾಂಡಿಗೂ ಆ ಮಾಲೀಕರ ಹೆಸರಿಗೂ ಯಾವ ಸಂಬಂಧವೂ ಕಾಣುತ್ತಿರಲಿಲ್ಲ. ಆದರೂ ಪತ್ರ ಬೇಕೇ ಬೇಕು, ಏಕೆಂದರೆ ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಕುಂದುಕೊರತೆ ಅಧಿಕಾರಿ ಯಾರೆಂಬುದು ಆ ಪೋರ್ಟಲಿನಲ್ಲಿ ಇರುವುದಿಲ್ಲ.

ನಾನು ಎರಡನೆಯ ಸಲ ಬರೆದದ್ದು ಹೀಗಿತ್ತು:

"ದಿನಾಂಕ … ರಂದು ಆರ್ಡರ್ ಸಂಖ್ಯೆ … ರಂತೆ ತಮ್ಮಿಂದ ಖರೀದಿಸಿದ ಮಿಕ್ಸಿಯ ಮೋಟಾರು ದಿನಾಂಕ … ರಿಂದ ಕೆಲಸ ಮಾಡುತ್ತಿಲ್ಲ, ಇದನ್ನು ನನ್ನ ದೂರೆಂದು ದಾಖಲಿಸಿಕೊಳ್ಳಬೇಕು. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ 4ನೆಯ ನಿಯಮದಂತೆ ತಮ್ಮ ಸಂಸ್ಥೆಯ ಕಾನೂನುಬದ್ಧ ಹೆಸರು, ಪ್ರಧಾನ ಕಚೇರಿ ಮತ್ತು ಶಾಖೆಗಳ ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು, ಹುದ್ದೆ, ದೂರವಾಣಿ ಹಾಗೂ ಇಮೇಲ್ ವಿಳಾಸಗಳನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಮೊದಲ ವಾಕ್ಯವನ್ನು ಬಿಡಬೇಡಿ. ಅಧಿಕಾರಿಯು 48 ಗಂಟೆಯೊಳಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂಬ ಗಡುವುಗಳು ಅನ್ವಯಿಸುವುದು ದೂರಿಗೆ; ಬರೀ ಮಾಹಿತಿ ಕೇಳಿದರೆ ಅದನ್ನು ವಿಚಾರಣೆಯೆಂದು ತಳ್ಳಿಹಾಕಲು ಅವರಿಗೆ ದಾರಿಯಾಗುತ್ತದೆ. ಬೈಗುಳವಂತೂ ಬೇಡ; ಈ ಪತ್ರವನ್ನು ಮುಂದೊಂದು ದಿನ ಆಯೋಗದ ಸದಸ್ಯರೂ ಓದಬಹುದು.

ಪತ್ರವನ್ನು ಇಮೇಲಿನಲ್ಲೂ, ಜಿಎಸ್‌ಟಿ ದಾಖಲೆಯ ವಿಳಾಸಕ್ಕೂ, ಪಾರ್ಸೆಲ್ ಲೇಬಲ್‌ನಲ್ಲಿ ಕಳುಹಿಸಿದವರದೆಂದು ಮುದ್ರಿಸಿರುವ ವಿಳಾಸಕ್ಕೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ದೊಡ್ಡ ಮಾರುಕಟ್ಟೆ ತಾಣವೊಂದರ ಮೂಲಕ ಖರೀದಿಸಿದ್ದರೆ ಆ ತಾಣಕ್ಕೇ ಬರೆಯಿರಿ: ಖರೀದಿಯ ನಂತರ ಲಿಖಿತವಾಗಿ ಕೇಳಿದವರಿಗೆ ಮಾರಾಟಗಾರರ ವಿವರ ಕೊಡುವುದು 5ನೆಯ ನಿಯಮದಡಿ ಅದರ ಹೊಣೆ. ಮನೆಯ ಹಳೆಯ ಸಾಮಾನನ್ನು ಅಪರೂಪಕ್ಕೆ ಮಾರಿದ ವ್ಯಕ್ತಿಗೆ ಮಾತ್ರ ಈ ನಿಯಮಗಳು ಅನ್ವಯಿಸುವುದಿಲ್ಲ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು. ಅದರಿಂದಲೂ ಆಗದಿದ್ದರೆ, ಮಾರಾಟಗಾರರು ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಆಗ ಪತ್ರದ ಪ್ರತಿಯ ಜೊತೆಗೆ ಸ್ಪೀಡ್ ಪೋಸ್ಟಿನ ರಸೀದಿಯನ್ನೂ, ಮರಳಿ ಬಂದಿದ್ದರೆ ಆ ಲಕೋಟೆಯನ್ನೂ ಒಡೆಯದೆ ಇಟ್ಟುಕೊಂಡಿರಿ.